ಏಳು ರಾತ್ರಿ, ಎಂಟು ವಾರ: ಡ್ಯೂಟಿ ಪಟ್ಟಿಯಲ್ಲಿ ಅಡಗಿರುವ ಆರೋಗ್ಯ

ನಿಮ್ಮ ಮನೆಯಲ್ಲಿ ಮಗಳೋ ಸೊಸೆಯೋ ತಮ್ಮನೋ ನರ್ಸ್ ಆಗಿದ್ದರೆ, ತಿಂಗಳ ಕೊನೆಯ ವಾರ ಆ ಮನೆಯ ಮಾತು ಹೇಗಿರುತ್ತದೆ ಎಂದು ನಿಮಗೆ ಗೊತ್ತು. "ಹೊಸ ಡ್ಯೂಟಿ ಪಟ್ಟಿ ಬಂತಾ? ಈ ಸಲ ನೈಟ್ ಎಷ್ಟು? ಮದುವೆಯ ಭಾನುವಾರ ಆಫ್ ಇದೆಯಾ?" ಆಸ್ಪತ್ರೆಯ ಗೋಡೆಗೆ ಅಂಟಿಸಿದ ಆ ಒಂದು ಹಾಳೆ ಇಡೀ ಮನೆಯ ನಿದ್ದೆ, ಊಟ, ನೆಂಟಸ್ತಿಕೆಯನ್ನು ನಿರ್ಧರಿಸುತ್ತದೆ. ಆದರೂ ಹೆಚ್ಚಿನ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಅದನ್ನು ಇನ್‌ಚಾರ್ಜ್ ಸಿಸ್ಟರ್ ಹಿಂದಿನ ತಿಂಗಳ ಹಾಳೆ ನೋಡಿಕೊಂಡು, ಬಿಡುವಿದ್ದಾಗ, ಪೆನ್ಸಿಲಿನಲ್ಲಿ ಬರೆಯುತ್ತಾರೆ.

ಈ ಪಟ್ಟಿಯನ್ನು ಕಂಪ್ಯೂಟರಿನ ಸಾಮಾನ್ಯ ಸ್ಪ್ರೆಡ್‌ಶೀಟ್‌ನಲ್ಲಿ ತಾನಾಗಿಯೇ ತಯಾರಾಗುವಂತೆ ಮಾಡಬಹುದು. ಯಾರಿಗೂ ಸತತ ಎರಡು ರಾತ್ರಿ ಬೀಳಬಾರದು, ಭಾನುವಾರದ ಕೆಲಸ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಬೇಕು ಎಂಬ ಎರಡು ಷರತ್ತುಗಳನ್ನು ಇಟ್ಟುಕೊಂಡು, ಎಂಟು ನರ್ಸ್‌ಗಳಿರುವ ಒಂದು ಸಣ್ಣ ಆಸ್ಪತ್ರೆಯ ಲೆಕ್ಕವನ್ನು ಇಲ್ಲಿ ಹಂತ ಹಂತವಾಗಿ ನೋಡೋಣ. ನೀವು ನರ್ಸ್ ಆಗಿರಬಹುದು, ಟ್ರಸ್ಟಿನ ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವವರಾಗಿರಬಹುದು. ಲೆಕ್ಕ ಇಬ್ಬರಿಗೂ ಒಂದೇ.

ಸತತ ರಾತ್ರಿ ಯಾಕೆ ಬೇಡ?

ನಮ್ಮ ದೇಹದೊಳಗೆ ಒಂದು ಗಡಿಯಾರವಿದೆ. ಅದು ಜೀವಕೋಶಗಳ ಮಟ್ಟದಲ್ಲಿ ಹೇಗೆ ನಡೆಯುತ್ತದೆ ಎಂದು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ವೈದ್ಯಕೀಯ ನೊಬೆಲ್ ಸಿಕ್ಕಿತು. ಆ ಗಡಿಯಾರದ ಪ್ರಕಾರ ಬೆಳಗಿನ ಜಾವ ನಾಲ್ಕು, ಐದು ಗಂಟೆಯ ಹೊತ್ತಿಗೆ ದೇಹದ ಉಷ್ಣತೆ ತೀರಾ ಇಳಿದಿರುತ್ತದೆ, ಮೈಮರೆವು ಹೆಚ್ಚು. ಔಷಧಿಯ ಪ್ರಮಾಣ ತಪ್ಪುವುದು, ಡ್ರಿಪ್ ಮುಗಿದದ್ದು ಗಮನಕ್ಕೆ ಬಾರದಿರುವುದು ಇಂಥ ಹೊತ್ತಿನಲ್ಲಿ ಸುಲಭ. ಕೆಲಸ ಮುಗಿಸಿ ಸ್ಕೂಟರಿನಲ್ಲಿ ಮನೆಗೆ ಹೊರಟವರಿಗೆ ದಾರಿಯಲ್ಲಿ ಕಣ್ಣು ಮುಚ್ಚಿ ಹೋಗುವುದೂ ಈ ಕಾರಣದಿಂದಲೇ.

ಮರುದಿನ ಹಗಲು ಮಲಗಿದರೆ ನಿದ್ದೆ ಸರಿಹೋಗುವುದಿಲ್ಲವೇ ಎಂದು ನೀವು ಕೇಳಬಹುದು. ಪೂರ್ತಿ ಸರಿಹೋಗುವುದಿಲ್ಲ. ಹಗಲಿನ ನಿದ್ದೆ ರಾತ್ರಿಯದಕ್ಕಿಂತ ಒಂದೆರಡು ಗಂಟೆಯಾದರೂ ಕಡಿಮೆಯಾಗುತ್ತದೆ. ಬೆಳಕು, ಸೆಕೆ, ಮಕ್ಕಳ ಗಲಾಟೆ, ಬಾಗಿಲಿನ ಗಂಟೆ ಒಂದು ಕಡೆಯಾದರೆ, ದೇಹದ ಗಡಿಯಾರವೇ "ಏಳು" ಎನ್ನುತ್ತಿರುವುದು ಇನ್ನೊಂದು ಕಡೆ. ಒಂದು ರಾತ್ರಿಯ ಬಾಕಿಯನ್ನು ಮುಂದಿನ ರಾತ್ರಿಯ ಒಳ್ಳೆಯ ನಿದ್ದೆ ತೀರಿಸಬಲ್ಲದು. ಆದರೆ ಆ ಮುಂದಿನ ರಾತ್ರಿಯೂ ಡ್ಯೂಟಿಯಾದರೆ ಬಾಕಿಯ ಮೇಲೆ ಬಾಕಿ ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ರಾತ್ರಿ ಪಾಳಿಯ ಕೆಲಸವನ್ನು 2007ರಲ್ಲಿ, ಮತ್ತೆ 2019ರಲ್ಲಿ, ಮನುಷ್ಯರಿಗೆ "ಬಹುಶಃ ಕ್ಯಾನ್ಸರ್‌ಕಾರಕ" ಎಂಬ ಗುಂಪಿಗೆ ಸೇರಿಸಿತು. ವರ್ಷಗಟ್ಟಲೆ ಗಡಿಯಾರ ಕೆಡಿಸುವುದರ ಬಗ್ಗೆ ಹೇಳಿದ ಮಾತಿದು. ಒಂದು ನೈಟ್ ಮಾಡಿದ ಮಾತ್ರಕ್ಕೆ ಯಾರೂ ಹೆದರಬೇಕಾಗಿಲ್ಲ.

ಪಾಳಿಯ ಕೆಲಸವನ್ನು ಅಧ್ಯಯನ ಮಾಡಿದ ತಜ್ಞರು ಸತತ ಮೂರು ರಾತ್ರಿಗಿಂತ ಹೆಚ್ಚು ಬೇಡ, ಎರಡು ಪಾಳಿಗಳ ನಡುವೆ ಕನಿಷ್ಠ 11 ಗಂಟೆ ಬಿಡುವಿರಲಿ, ಒಂದು ರಾತ್ರಿ ಪಾಳಿ 9 ಗಂಟೆ ಮೀರದಿರಲಿ ಎನ್ನುತ್ತಾರೆ. ನಮ್ಮ ಅನೇಕ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಎಂಟರಿಂದ ಎಂಟರವರೆಗೆ, ಅಂದರೆ 12 ಗಂಟೆ. ಪಾಳಿಯೇ ಇಷ್ಟು ಉದ್ದವಿರುವಾಗ ಎರಡನೆಯ ರಾತ್ರಿಯನ್ನು ಅದರ ಬೆನ್ನಿಗೆ ಕಟ್ಟದಿರುವುದೇ ಲೇಸು.

ಎಂಟು ಜನ, ಎಂಟು ಅಕ್ಷರ

ನಮ್ಮ ಉದಾಹರಣೆಯ ಆಸ್ಪತ್ರೆಯಲ್ಲಿ ಮೂರು ಪಾಳಿ: ಬೆಳಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ 8, ರಾತ್ರಿ 8ರಿಂದ ಮರುದಿನ 8. ಬೆಳಗ್ಗೆ ಮೂವರು, ಮಧ್ಯಾಹ್ನ ಇಬ್ಬರು, ರಾತ್ರಿ ಒಬ್ಬರು ಬೇಕು. ಅಲ್ಲಿಗೆ ಆರು ಜನ. ರಾತ್ರಿ ಮುಗಿಸಿ ಬಂದವರಿಗೆ ಅಂದು ನೈಟ್ ಆಫ್. ಏಳನೆಯವರಾದರು. ಇನ್ನೊಬ್ಬರಿಗೆ ವಾರದ ರಜೆ. ಒಟ್ಟು ಎಂಟು ಜನರಿದ್ದರೆ ಪ್ರತಿದಿನವೂ ಲೆಕ್ಕ ಸರಿಯಾಗಿ ಕೂಡುತ್ತದೆ.

ಈಗ ಪ್ರತಿಯೊಂದಕ್ಕೂ ಒಂದು ಅಕ್ಷರ ಇಡಿ. ಬ ಎಂದರೆ ಬೆಳಗ್ಗೆ, ಮ ಎಂದರೆ ಮಧ್ಯಾಹ್ನ, ರ ಎಂದರೆ ರಾತ್ರಿ, ನ ಎಂದರೆ ನೈಟ್ ಆಫ್, ವ ಎಂದರೆ ವಾರದ ರಜೆ. ಒಬ್ಬ ನರ್ಸಿನ ಎಂಟು ದಿನಗಳು ಹೀಗೆ ಸಾಗುತ್ತವೆ: ಬ, ಬ, ಬ, ಮ, ಮ, ರ, ನ, ವ. ಒಂಬತ್ತನೆಯ ದಿನ ಮತ್ತೆ ಮೊದಲ ಬ. ಮೊದಲನೆಯವರಿಗಿಂತ ಎರಡನೆಯವರು ಒಂದು ದಿನ ಮುಂದೆ, ಮೂರನೆಯವರು ಎರಡು ದಿನ ಮುಂದೆ. ಹೀಗೆ ಎಂಟೂ ಜನ ಒಂದೇ ಸರಪಳಿಯ ಎಂಟು ಕೊಂಡಿಗಳಲ್ಲಿ ನಿಂತಿರುತ್ತಾರೆ. ಬೆಳಗ್ಗೆಯಿಂದ ಮಧ್ಯಾಹ್ನಕ್ಕೆ, ಅಲ್ಲಿಂದ ರಾತ್ರಿಗೆ ಸರಿಯುವ ಈ ಕ್ರಮ ದೇಹಕ್ಕೂ ಹಗುರ. ನಿದ್ದೆಯನ್ನು ಮುಂದೂಡುವುದು ಹಿಂದಕ್ಕೆ ಎಳೆಯುವುದಕ್ಕಿಂತ ಸುಲಭ.

ಕೆಲವು ಕಡೆ ಒಬ್ಬರಿಗೆ ಒಂದು ವಾರ ಪೂರ್ತಿ ನೈಟ್ ಕೊಡುವ ಪದ್ಧತಿಯಿದೆ. ಎಂಟು ಜನರಿದ್ದರೆ ಎಂಟು ವಾರಕ್ಕೊಮ್ಮೆ ಏಳು ನೈಟ್ ಬರುತ್ತದೆ, ಸತತವಾಗಿ 84 ಗಂಟೆ. ನಮ್ಮ ಸರಪಳಿಯಲ್ಲಿ ಎಂಟು ದಿನಕ್ಕೊಂದು ನೈಟ್, ಎಂಟು ವಾರದಲ್ಲಿ ಅದೂ ಏಳೇ. ಆಸ್ಪತ್ರೆಗೆ ಸಿಗುವ ಕೆಲಸದಲ್ಲಿ ಒಂದು ಗಂಟೆಯೂ ಕಡಿಮೆಯಾಗುವುದಿಲ್ಲ. ಆದರೆ ಪ್ರತಿ ನೈಟ್ ಆದ ಮೇಲೆ ಏಳು ರಾತ್ರಿ ಮನೆಯಲ್ಲಿ ಮಲಗಲು ಸಿಗುತ್ತದೆ.

ಏಳರ ಬಲೆ

ಎಂಟು ಎಂಬ ಸಂಖ್ಯೆಯಲ್ಲಿ ಇನ್ನೊಂದು ಉಪಕಾರವಿದೆ. ಅದು ತಿಳಿಯಬೇಕಾದರೆ ಏಳು ಜನರಿರುವ ಆಸ್ಪತ್ರೆಯನ್ನು ನೋಡಿ. ಅಲ್ಲಿ ಬೆಳಗ್ಗೆ ಇಬ್ಬರೇ ಸಾಕು ಎಂದುಕೊಂಡರೆ ಸರಪಳಿ ಬ, ಬ, ಮ, ಮ, ರ, ನ, ವ. ಏಳು ದಿನಕ್ಕೆ ಒಂದು ಸುತ್ತು. ನೋಡಲು ಬಹಳ ಅಚ್ಚುಕಟ್ಟು. ಆದರೆ ವಾರಕ್ಕೂ ಏಳೇ ದಿನ! ಹಾಗಾಗಿ ಮೊದಲ ವಾರ ಯಾರಿಗೆ ಭಾನುವಾರ ರಜೆ ಬಿತ್ತೋ ಅವರಿಗೆ ವರ್ಷವಿಡೀ ಭಾನುವಾರವೇ ರಜೆ. ಯಾರಿಗೆ ಶನಿವಾರ ರಾತ್ರಿ ಬಿತ್ತೋ ಅವರಿಗೆ ವರ್ಷವಿಡೀ ಶನಿವಾರ ರಾತ್ರಿಯೇ. ನೈಟ್‌ಗಳ ಸಂಖ್ಯೆ ಎಲ್ಲರಿಗೂ ಸಮ, ರಜೆಗಳ ಸಂಖ್ಯೆಯೂ ಸಮ, ಅನ್ಯಾಯ ಮಾತ್ರ ಪ್ರತಿ ವಾರವೂ ಅದೇ ಇಬ್ಬರಿಗೆ.

ಎಂಟರ ಸರಪಳಿಯಲ್ಲಿ ಸುತ್ತು ವಾರಕ್ಕಿಂತ ಒಂದು ದಿನ ಉದ್ದ. ಆದ್ದರಿಂದ ಪ್ರತಿ ವಾರ ಭಾನುವಾರ ಒಂದು ಕೊಂಡಿ ಹಿಂದಕ್ಕೆ ಸರಿಯುತ್ತದೆ. ಈ ಭಾನುವಾರ ವ ಇದ್ದವರಿಗೆ ಮುಂದಿನ ಭಾನುವಾರ ನ, ಅದರ ಮುಂದಿನದು ರ. ಎಂಟು ವಾರ ಕಳೆಯುವಷ್ಟರಲ್ಲಿ ಪ್ರತಿಯೊಬ್ಬರೂ ಎಂಟೂ ಬಗೆಯ ಭಾನುವಾರಗಳನ್ನು ಒಮ್ಮೊಮ್ಮೆ ಕಂಡಿರುತ್ತಾರೆ. ಶುಕ್ರವಾರವೂ ಹಾಗೆಯೇ, ಉಳಿದ ವಾರಗಳೂ ಹಾಗೆಯೇ.

ಭಾನುವಾರಕ್ಕೆ ಬೇರೆ ಸರಪಳಿ

ಭಾನುವಾರ ಓಪಿಡಿ ಮುಚ್ಚಿರುತ್ತದೆ, ಬೆಳಗ್ಗೆ ಮೂವರು ಬೇಡ, ಒಬ್ಬರು ಸಾಕು. ಇಬ್ಬರಿಗೆ ಹೆಚ್ಚಿನ ರಜೆ ಕೊಡಬಹುದು. ಯಾರಿಗೆ? ಎರಡನೆಯ ಮತ್ತು ಮೂರನೆಯ ಬ ಇರುವವರಿಗೆ ಕೊಟ್ಟರೆ ಎಣಿಕೆ ಸಮವಾಗುತ್ತದೆ. ಆದರೆ ಒಬ್ಬ ನರ್ಸಿನ ಎಂಟು ವಾರಗಳನ್ನು ಸಾಲಾಗಿ ಬರೆದು ನೋಡಿದರೆ ನಾಲ್ಕು ಭಾನುವಾರ ಒಟ್ಟಿಗೆ ಕೆಲಸಕ್ಕೆ ಹೋಗಿರುತ್ತವೆ. ಮೂರನೆಯ ಬ ಇರುವವರು ಅಂದು ಮಧ್ಯಾಹ್ನ ಬಂದು, ಮೊದಲ ಮ ಇರುವವರಿಗೆ ರಜೆ ಬಿಟ್ಟುಕೊಟ್ಟರೆ ಆ ಸಾಲು ಮೂರಕ್ಕೆ ಇಳಿಯುತ್ತದೆ. ಆಗ ಭಾನುವಾರದ ಸರಪಳಿ ಹೀಗೆ: ಬ, ವ, ಮ, ವ, ಮ, ರ, ನ, ವ.

ಈಗ ಸ್ಪ್ರೆಡ್‌ಶೀಟ್ ತೆರೆಯಿರಿ. ಮೊದಲ ಸಾಲಿನಲ್ಲಿ `B` ಕಾಲಮ್ಮಿನಿಂದ `I` ವರೆಗೆ ಎಂಟು ಹೆಸರು, ಅವುಗಳ ಕೆಳಗೆ ಎರಡನೆಯ ಸಾಲಿನಲ್ಲಿ 1ರಿಂದ 8ರ ಸಂಖ್ಯೆ. `A3`ಯಿಂದ ಕೆಳಗೆ 56 ದಿನಗಳ ದಿನಾಂಕ. `B3`ಯಲ್ಲಿ ಇದನ್ನು ಬರೆಯಿರಿ:

```
=MID(IF(WEEKDAY($A3)=1,"ಬವಮವಮರನವ","ಬಬಬಮಮರನವ"),MOD($A3+B$2,8)+1,1)
```

ಇದನ್ನು `I58`ರವರೆಗೆ ಎಳೆದರೆ ಎಂಟು ವಾರಗಳ ಪಟ್ಟಿ ಸಿದ್ಧ. ಇದು ಮಾಡುವುದು ಇಷ್ಟೇ: ದಿನಾಂಕಕ್ಕೆ ನರ್ಸಿನ ಸಂಖ್ಯೆ ಕೂಡಿಸಿ, ಎಂಟರಿಂದ ಭಾಗಿಸಿ, ಉಳಿದ ಶೇಷ ನೋಡಿ ಸರಪಳಿಯ ಅಕ್ಷರ ಎತ್ತಿಕೊಡುತ್ತದೆ. ಭಾನುವಾರವಾದರೆ ಭಾನುವಾರದ ಸರಪಳಿಯಿಂದ ಎತ್ತಿಕೊಡುತ್ತದೆ. ತಿಂಗಳು ಬದಲಾಗುವುದು ಇದಕ್ಕೆ ಲೆಕ್ಕಕ್ಕೇ ಇಲ್ಲ. ಕೈಯಲ್ಲಿ ಬರೆಯುವಾಗ ಆಗುವ ದೊಡ್ಡ ಎಡವಟ್ಟು ಅಲ್ಲಿಯೇ: ಹೊಸ ತಿಂಗಳಿಗೆ ಹೊಸ ಹಾಳೆ ತೆಗೆದಾಗ 31ರ ರಾತ್ರಿ ಮಾಡಿದವರನ್ನೇ 1ರ ರಾತ್ರಿಗೂ ಹಾಕಿಬಿಡುತ್ತಾರೆ. ಎರಡೂ ಹಾಳೆ ಬೇರೆ ಬೇರೆ ಇರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ, ಮಾಡಿದವರ ಕಣ್ಣಿನ ಹೊರತು.

ಒಬ್ಬರು ರಜೆ ಹಾಕಿದರೆ?

ಪಟ್ಟಿಯ ನಿಜವಾದ ಪರೀಕ್ಷೆ ಇಲ್ಲಿದೆ. ಒಂದು ಸೋಮವಾರ ರಾತ್ರಿ ಡ್ಯೂಟಿ ಇದ್ದ 2ನೇ ನರ್ಸಿನ ಮಗುವಿಗೆ ಜ್ವರ. ಯಾರನ್ನು ಕರೆಯುತ್ತೀರಿ? ಅಂದು ಬೆಳಗ್ಗೆಯಷ್ಟೇ ನೈಟ್ ಮುಗಿಸಿದವರನ್ನು ಕರೆದರೆ ಸತತ ಎರಡು ರಾತ್ರಿಯಾಗುತ್ತದೆ. ಎರಡನೆಯ ಮ ಇರುವವರಿಗೆ ನಾಳೆಯೇ ನೈಟ್ ಇದೆ, ಮತ್ತೆ ಅದೇ ಸತತ ರಾತ್ರಿ. ಮೊದಲ ಮ ಇರುವವರಿಗೆ ನಾಡಿದ್ದು. ಹೀಗೆ ಒಬ್ಬೊಬ್ಬರನ್ನೇ ಬಿಡುತ್ತಾ ಬಂದರೆ, ಹಿಂದಿನ ನೈಟ್‌ನಿಂದಲೂ ಮುಂದಿನ ನೈಟ್‌ನಿಂದಲೂ ತಲಾ ನಾಲ್ಕು ದಿನ ದೂರವಿರುವ ಒಬ್ಬರು ಸಿಗುತ್ತಾರೆ. ಅವರು ಎರಡನೆಯ ಬ ಇರುವವರು. ಸರಪಳಿಯಲ್ಲಿ ಅವರು ಸರಿಯಾಗಿ ನಾಲ್ಕು ಕೊಂಡಿ ಆಚೆ ನಿಂತಿರುತ್ತಾರೆ. ಹಾಗಾಗಿ 1 ಮತ್ತು 5, 2 ಮತ್ತು 6, 3 ಮತ್ತು 7, 4 ಮತ್ತು 8 ಯಾವಾಗಲೂ ಜೋಡಿ. 2ನೆಯವರ ನೈಟ್‌ಗೆ 6ನೆಯವರೇ ಬದಲಿ.

6ನೆಯವರು ಸೋಮವಾರ ಬೆಳಗ್ಗೆ ಬರದೆ ರಾತ್ರಿ ಬರುತ್ತಾರೆ, ಮಂಗಳವಾರ ನೈಟ್ ಆಫ್. ಮಂಗಳವಾರ ಅವರ ಬೆಳಗಿನ ಪಾಳಿಗೆ 2ನೆಯವರು ಬರುತ್ತಾರೆ, ಮಗು ಚೇತರಿಸಿದ್ದರೆ. ಸೋಮವಾರ ಬೆಳಗ್ಗೆ ಮೂವರ ಬದಲು ಇಬ್ಬರು ಸುಧಾರಿಸಬೇಕು, ಅಷ್ಟೇ. ನಾಲ್ಕು ದಿನ ಕಳೆದು ಶುಕ್ರವಾರ ನೋಡಿದರೆ ಸರಪಳಿ ತಿರುಗಿ ನಿಂತಿರುತ್ತದೆ: ಈಗ 6ನೆಯವರಿಗೆ ನೈಟ್, 2ನೆಯವರಿಗೆ ಎರಡನೆಯ ಬ. ಆ ಶುಕ್ರವಾರ ರಾತ್ರಿ 2ನೆಯವರು ಮಾಡಿದರೆ ಸಾಲ ತೀರಿತು. ಯಾರಿಗೂ ಎರಡು ರಾತ್ರಿ ಜೊತೆಗೆ ಬೀಳಲಿಲ್ಲ, ಯಾರೂ ಯಾರ ಉಪಕಾರದಲ್ಲೂ ಉಳಿಯಲಿಲ್ಲ.

ಎರಡು ಎಚ್ಚರಿಕೆ ಬೇಕು. ಬಿಟ್ಟ ರಾತ್ರಿ ಭಾನುವಾರದ್ದಾದರೆ ಬದಲಿಗೆ ಬಂದವರು ತಮ್ಮ ರಜೆಯ ಭಾನುವಾರ ಕಳೆದುಕೊಳ್ಳುತ್ತಾರೆ. ಗುರುವಾರ ಒಂದು ನೈಟ್ ಹಿಂದಿರುಗಿಸಿದರೆ ಆ ಭಾನುವಾರ ಮರಳಿ ಬರುವುದಿಲ್ಲ, ಬೇರೊಂದು ಭಾನುವಾರವನ್ನೇ ಕೊಡಬೇಕು. ಇನ್ನೊಂದು, ಸುದ್ದಿ ಬೆಳಗ್ಗೆ ಎಂಟರ ಒಳಗೆ ತಲುಪಬೇಕು. ಸಂಜೆ ತಿಳಿದರೆ ಜೋಡಿಯವರು ಆಗಲೇ ಆರು ಗಂಟೆ ಕೆಲಸ ಮಾಡಿ ಮನೆಗೆ ಹೋಗಿರುತ್ತಾರೆ. ಆಗ ವಾರದ ರಜೆಯಲ್ಲಿರುವವರನ್ನೇ ಕೇಳಬೇಕು, ಮರುದಿನ ಅವರಿಗೆ ನೈಟ್ ಆಫ್ ಕೊಟ್ಟು, ಕಳೆದ ರಜೆಯನ್ನು ಆ ವಾರವೇ ಹಿಂದಿರುಗಿಸಬೇಕು.

ಬೆಳಗ್ಗೆ ಮತ್ತು ಮಧ್ಯಾಹ್ನದ ಅದಲುಬದಲಿಗೆ ಇಷ್ಟು ಯೋಚನೆ ಬೇಡ. ರಾತ್ರಿ ಎಂಟಕ್ಕೆ ಬಿಟ್ಟು ಬೆಳಗ್ಗೆ ಎಂಟಕ್ಕೆ ಬಂದರೂ 12 ಗಂಟೆ ಬಿಡುವಿದೆ. ಶುಕ್ರವಾರ ಬೆಳಗಿನ ಪಾಳಿ ಬಿದ್ದ ಸಹೋದರನಿಗೆ ಜುಮಾ ನಮಾಝ್ ತಪ್ಪುತ್ತದೆ. ಮಧ್ಯಾಹ್ನದ ಪಾಳಿಯವರೊಡನೆ ಅಂದಿನ ಮಟ್ಟಿಗೆ ಬದಲಾಯಿಸಿಕೊಂಡರೆ ಪಟ್ಟಿಗೆ ಏನೂ ಆಗುವುದಿಲ್ಲ. ಭಾನುವಾರ ಬೆಳಗ್ಗೆ ಚರ್ಚಿಗೆ ಹೋಗಬೇಕಾದ ಸಿಸ್ಟರಿಗೂ ಇದೇ ದಾರಿ.

ತಪ್ಪಿದೆಯೇ ಎಂದು ತಿಳಿಯುವುದು

ಅದಲುಬದಲಿಗಳನ್ನು ಕೈಯಲ್ಲಿ ತಿದ್ದಿದ ಮೇಲೆ ಪಟ್ಟಿ ಇನ್ನೂ ಸರಿಯಿದೆಯೇ? ಪ್ರತಿ ಹೆಸರಿನ ಕೆಳಗೆ, ಒಂದು ಸಾಲು ಬಿಟ್ಟು, ಮೂರು ಲೆಕ್ಕ ಇಡಿ.

```
=COUNTIFS(B3:B57,"ರ",B4:B58,"ರ")
=COUNTIFS(B3:B57,"ರ",B4:B58,"<>ನ")
=SUMPRODUCT((WEEKDAY($A3:$A58)=1)*(B3:B58<>"ವ"))
```

ಮೊದಲನೆಯದು ಸತತ ರಾತ್ರಿಗಳ ಎಣಿಕೆ, ಅದು 0 ಇರಬೇಕು. ಎರಡನೆಯದು ನೈಟ್ ಆದ ಮರುದಿನ ನೈಟ್ ಆಫ್ ಸಿಗದ ಸಂದರ್ಭಗಳು, ಅದೂ 0. ಮೂರನೆಯದು ಕೈಬಿಟ್ಟು ಹೋದ ಭಾನುವಾರಗಳು, ಎಂಟು ವಾರಕ್ಕೆ ಎಲ್ಲರಿಗೂ 5. ಇಲ್ಲಿ ನೈಟ್ ಆಫ್ ಇರುವ ಭಾನುವಾರವನ್ನೂ ಬೇಕೆಂದೇ ಕೆಲಸದ ಲೆಕ್ಕಕ್ಕೆ ಸೇರಿಸಿದೆ. ಶನಿವಾರ ರಾತ್ರಿ ಮಾಡಿ ಭಾನುವಾರ ಎಂಟಕ್ಕೆ ಮನೆ ಸೇರಿ ಮಧ್ಯಾಹ್ನದವರೆಗೆ ಮಲಗಿದವರಿಗೆ "ನಿಮಗೆ ಭಾನುವಾರ ಆಫ್ ಇತ್ತಲ್ಲ" ಎನ್ನುವುದು ಸರಿಯಲ್ಲ. ಅನೇಕ ಪಟ್ಟಿಗಳು ಸಮವಾಗಿ ಕಂಡರೂ ಸಮವಲ್ಲದಿರುವುದು ಈ ಒಂದು ಎಣಿಕೆಯಿಂದಲೇ. ಶುಕ್ರವಾರದ ಲೆಕ್ಕ ಬೇಕಿದ್ದರೆ 1ರ ಜಾಗದಲ್ಲಿ 6 ಬರೆಯಿರಿ.

ಕೈಯಲ್ಲಿ ತಿದ್ದುವಾಗ ಅಕ್ಷರದ ಪಕ್ಕ ಒಂದು ಸ್ಪೇಸ್ ಬಿದ್ದರೆ ಕಂಪ್ಯೂಟರಿಗೆ ಅದು ಬೇರೆಯೇ ಪದ. ಆಗ ಸತತ ರಾತ್ರಿ ಇದ್ದರೂ 0 ತೋರಿಸಬಹುದು. ಎಂಟು ವಾರಕ್ಕೆ ನೈಟ್‌ಗಳ ಒಟ್ಟು 56 ಬರುತ್ತದೆಯೇ ಎಂದು ಒಮ್ಮೆ ನೋಡಿದರೆ ಇದು ಸಿಕ್ಕಿಬೀಳುತ್ತದೆ.

ಸರಪಳಿಯ ಮಿತಿ

ಒಂದೆರಡು ದಿನದ ರಜೆಯನ್ನು ಜೋಡಿಗಳು ಸಂಭಾಳಿಸಬಹುದು, ಹೆರಿಗೆ ರಜೆಯನ್ನಲ್ಲ. ಕಾನೂನಿನ ಪ್ರಕಾರ ಮೊದಲ ಎರಡು ಹೆರಿಗೆಗಳಿಗೆ 26 ವಾರ. ಅಷ್ಟೂ ಕಾಲ ಜೋಡಿಯವರೇ ಎರಡು ಪಾಲು ನೈಟ್ ಮಾಡುವುದು ಅನ್ಯಾಯ. ತಾತ್ಕಾಲಿಕವಾಗಿ ಒಬ್ಬರನ್ನು ಅದೇ ಸಂಖ್ಯೆಗೆ ಕೂರಿಸುವುದು ಒಂದೇ ನೇರ ದಾರಿ. ಅದು ಆಗದೆ ಏಳರ ಸರಪಳಿಗೆ ಇಳಿಯಬೇಕಾದರೆ, ಮೇಲೆ ಹೇಳಿದ ಬಲೆ ನೆನಪಿರಲಿ: ನಾಲ್ಕು ವಾರಕ್ಕೊಮ್ಮೆ ಎಲ್ಲರನ್ನೂ ಒಂದು ಕೊಂಡಿ ಮುಂದಕ್ಕೆ ಹಾರಿಸಿ. ಹಿಂದಕ್ಕೆ ಎಳೆದರೆ ಅಂದು ರ ಇದ್ದವರಿಗೆ ಮರುದಿನವೂ ರ ಬರುತ್ತದೆ.

ದೊಡ್ಡ ಆಸ್ಪತ್ರೆಗಳು ಬಳಸುವ ಕೆಲವು ಪಟ್ಟಿ ತಂತ್ರಾಂಶಗಳು ಸರಪಳಿ ಹಿಡಿಯುವುದಿಲ್ಲ, ಪ್ರತಿ ಪಾಳಿಗೆ ಇದುವರೆಗೆ ಕಡಿಮೆ ಮಾಡಿದವರನ್ನು ಹುಡುಕುತ್ತವೆ. ಅಲ್ಲಿ ಒಂದು ವಿಚಿತ್ರ ಸಂಭವಿಸುತ್ತದೆ. ಹೆರಿಗೆ ರಜೆ ಮುಗಿಸಿ ಬಂದವರ ಭಾನುವಾರದ ಲೆಕ್ಕ ನಿಂತಲ್ಲೇ ನಿಂತಿರುತ್ತದೆ, ಉಳಿದವರದು ಅಷ್ಟರಲ್ಲಿ ಸುಮಾರು 16 ಮುಂದೆ ಹೋಗಿರುತ್ತದೆ. ಯಂತ್ರದ ಕಣ್ಣಿಗೆ ಅವರು ಬಾಕಿದಾರರು. ಹಸುಗೂಸಿನ ತಾಯಿಗೆ ಅದು ಬೆನ್ನುಬೆನ್ನಿಗೆ ಭಾನುವಾರ ಹಾಕುತ್ತಲೇ ಹೋಗುತ್ತದೆ. ಹೊಸದಾಗಿ ಸೇರಿದವರ ಗತಿಯೂ ಅದೇ. ಪರಿಹಾರ ಸರಳ: ಬಂದ ದಿನ ಅವರ ಲೆಕ್ಕವನ್ನು ಉಳಿದವರ ಸರಾಸರಿಗೆ ತಂದು ನಿಲ್ಲಿಸಬೇಕು. ರಜೆ ಅವರ ಹಕ್ಕು, ಅದನ್ನು ಸಾಲವೆಂದು ಬರೆಯಬಾರದು.

ದೂರದ ಊರಿನಿಂದ ಬರುವ ಕೆಲವರು "ಎರಡು ನೈಟ್ ಒಟ್ಟಿಗೆ ಕೊಡಿ, ಹೋಗಿಬರುವುದು ತಪ್ಪುತ್ತದೆ" ಎಂದು ತಾವಾಗಿ ಕೇಳುವುದುಂಟು. ಕೇಳಿದವರಿಗೆ ಕೊಡಬಹುದು, ತಜ್ಞರು ಹೇಳುವ ಮಿತಿಯೊಳಗೇ ಅದಿದೆ. ಆದರೆ ಅದು ಅವರ ಬಾಯಿಂದ ಬರಬೇಕು. ಎಂಟು ವಾರಗಳ ಪಟ್ಟಿಯನ್ನು ಮೊದಲ ದಿನವೇ ಗೋಡೆಗೆ ಹಾಕಿ, ಪ್ರತಿ ಹೆಸರಿನ ಕೆಳಗೆ ಆ ಮೂರು ಸಂಖ್ಯೆಗಳನ್ನೂ ಅಚ್ಚು ಮಾಡಿ. 0, 0, 5. ಇವು ಎಲ್ಲರ ಹೆಸರಿನ ಕೆಳಗೂ ಒಂದೇ ಆಗಿದ್ದರೆ ಪಟ್ಟಿ ಯಾರು ಮಾಡಿದರು ಎಂದು ಯಾರೂ ಕೇಳುವುದಿಲ್ಲ. ಒಬ್ಬರ ಹೆಸರಿನ ಕೆಳಗೆ ಬೇರೆ ಕಂಡರೆ, ಯಾಕೆ ಎಂದು ಕೇಳಲು ಅವರಿಗೆ ಹಾಳೆಯ ಮೇಲೆಯೇ ಆಧಾರವಿರುತ್ತದೆ.